ಎರಡು ಸೈಲೆನ್ಸರಿನ ಲೆಕ್ಕ: ಜಾವಾ ಮರಳಿ ಬಂದ ಬಗೆ

ಹಳೆಯ ಜಾವಾ ಬೈಕಿಗೆ ನಾವು ಇಂದು ಕೀ ಎಂದು ಕರೆಯುವಂಥ ಕೀ ಇರಲಿಲ್ಲ. ಹೆಡ್‌ಲೈಟಿನ ಮೇಲಿನ ತೂತಿಗೆ ಮೊಳೆಯಂಥ ಒಂದು ಕಡ್ಡಿಯನ್ನು ಒತ್ತಿದರೆ ವಿದ್ಯುತ್ ಹರಿಯುತ್ತಿತ್ತು. ಕಡ್ಡಿ ಕಳೆದುಹೋದರೆ ಅಳತೆಗೆ ಸರಿಹೊಂದುವ ನಿಜವಾದ ಮೊಳೆಯೇ ಸಾಕಾಗುತ್ತಿತ್ತು. ಆಮೇಲೆ ಎಡಗಾಲ ಬಳಿಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಬೇಕು. ಅದೇ ಕಿಕ್ ಲಿವರ್ ಆಗುತ್ತಿತ್ತು. ಗಾಡಿ ಶುರುವಾದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರ್. ಒಂದೇ ಲಿವರಿಗೆ ಎರಡು ಕೆಲಸ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಗಳನ್ನು ಓಡಿಸಿದವರು ಈ ಎರಡು ಸಂಗತಿಗಳನ್ನು ಹೇಳದೆ ಬಿಡುವುದಿಲ್ಲ. ಮೂರನೆಯದು ಅದರ ಸದ್ದು.

2018ರ ನವೆಂಬರಿನಲ್ಲಿ ಜಾವಾ ಹೆಸರು ಭಾರತದ ಮಾರುಕಟ್ಟೆಗೆ ಮರಳಿ ಬಂದಾಗ ಹೊಸ ಗಾಡಿಯಲ್ಲಿ ಮೊಳೆಯ ಕೀ ಇರಲಿಲ್ಲ, ಎರಡು ಕೆಲಸದ ಲಿವರೂ ಇರಲಿಲ್ಲ. ಆದರೆ ಎರಡು ಸೈಲೆನ್ಸರುಗಳಿದ್ದವು. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಯಾರೋ ಕೂತು ತೀರ್ಮಾನಿಸಿದ್ದರು. ಆ ತೀರ್ಮಾನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಹಳೆಯ ಹೆಸರೊಂದಕ್ಕೆ ಜೀವ ಬರುವುದು ಎಲ್ಲಿ, ಅದು ಬರೀ ವೇಷವಾಗುವುದು ಎಲ್ಲಿ ಎಂಬುದು ತಿಳಿಯುತ್ತದೆ.

ಜಾವಾ ಎಂಬುದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ. ಜೆಕೊಸ್ಲೊವಾಕಿಯಾದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಕೆಯ ಹಕ್ಕು ಪಡೆದ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರ್‌ನ ಮೊದಲ ಎರಡನ್ನು ಸೇರಿಸಿದ. ಎರಡನೆಯ ಮಹಾಯುದ್ಧದ ನಂತರ ಆ ಕಂಪನಿಯ 250 ಸಿಸಿ ಗಾಡಿಗಳು ಜಗತ್ತಿನ ಹಲವು ಕಡೆ ಮಾರಾಟವಾದವು. ಭಾರತದಲ್ಲಿ ಅವುಗಳ ತಯಾರಿಕೆಗೆ ಮುಂದಾದವರು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ. 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡಿತು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಜಾವಾದಿಂದ ಯೆಜ್ಡಿಗೆ ಬದಲಾಯಿತು, ಒಳಗಿನ ಎಂಜಿನ್ ಬಹುಮಟ್ಟಿಗೆ ಅದೇ ಉಳಿಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ತಯಾರಿಕೆ ನಿಂತಿತು.

ಈಗ ಆ ಎರಡು ಸೈಲೆನ್ಸರಿನ ವಿಷಯಕ್ಕೆ ಬರೋಣ. ಹಳೆಯ ಜಾವಾ ಟೂ ಸ್ಟ್ರೋಕ್ ಗಾಡಿ. ಅದರ ಎಂಜಿನ್ನಿನಲ್ಲಿ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ತಾನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಸುಟ್ಟ ಗಾಳಿ ಬೇಗ ಹೊರಗೆ ಹೋಗಬೇಕಾದರೆ ಕಿಂಡಿ ದೊಡ್ಡದಿರಬೇಕು. ಆದರೆ ಒಂದೇ ಅಗಲ ಕಿಂಡಿ ಮಾಡಿದರೆ ಪಿಸ್ಟನ್ನಿನ ರಿಂಗ್ ಅದರೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುವ ಭಯ. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಕಿಂಡಿ ಮಾಡಿದರೆ ಎರಡೂ ಉದ್ದೇಶ ಈಡೇರುತ್ತವೆ. ಎರಡು ಕಿಂಡಿಗೆ ಎರಡು ಕೊಳವೆ, ಎರಡು ಸೈಲೆನ್ಸರು. ಸಿಲಿಂಡರ್ ಒಂದೇ ಆದರೂ ಗಾಡಿಯ ಎರಡೂ ಬದಿಗೆ ಹೊಳೆಯುವ ಉದ್ದ ಕೊಳವೆ ಬಂದದ್ದು ಹೀಗೆ. ಅದು ಚೆಂದ ಕಂಡಿತು ನಿಜ. ಆದರೆ ಮೊದಲು ಅದು ಒಂದು ಲೋಹದ ರಿಂಗನ್ನು ಉಳಿಸುವ ಉಪಾಯವಾಗಿತ್ತು.

ಸದ್ದೂ ಹಾಗೆಯೇ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿದರೆ, ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತದೆ. ನಿಂತಲ್ಲಿ ಅದರ ಉರಿತ ಒಂದೇ ಸಮನಾಗಿರದೆ ನಡುನಡುವೆ ತಪ್ಪುವುದರಿಂದ ಆ ತಡವರಿಸುವ ಡುಬ್ ಡುಬ್ ಹುಟ್ಟುತ್ತದೆ, ವೇಗ ಬಂದಾಗ ಸದ್ದು ಒತ್ತಾಗುತ್ತದೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಅದೂ ಉರಿಯುತ್ತದೆ, ನೀಲಿ ಹೊಗೆ ಬರುತ್ತದೆ. ಹೊಗೆಯ ಮಸಿ ಸೈಲೆನ್ಸರಿನೊಳಗೆ ಕಟ್ಟಿಕೊಳ್ಳುತ್ತದೆ. ಗಾಡಿ ಎಳೆಯುವುದು ಕಡಿಮೆಯಾಯಿತು, ಏರಿನಲ್ಲಿ ದಮ್ಮು ಕಟ್ಟಿತು ಎಂದರೆ ಮೆಕ್ಯಾನಿಕ್ ಮೊದಲು ನೋಡುತ್ತಿದ್ದದ್ದು ಇದನ್ನೇ. ಸೈಲೆನ್ಸರಿನ ಒಳಕೊಳವೆಯನ್ನು ಹೊರಗೆಳೆದು, ಬೆಂಕಿಯಲ್ಲಿ ಕಾಯಿಸಿ, ಮಸಿ ಉದುರಿಸಿ ಮತ್ತೆ ಹಾಕುತ್ತಿದ್ದರು. ಎಂಜಿನ್ನಿನೊಳಗೆ ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಭಾನುವಾರ ಬೆಳಿಗ್ಗೆ ಬಿಚ್ಚಿ ಸಂಜೆಗೆ ಜೋಡಿಸುವ ಕೆಲಸ ಮನೆಯ ಅಂಗಳದಲ್ಲೂ ಆಗುತ್ತಿತ್ತು. ಜಾವಾ ಪ್ರೀತಿ ಎನ್ನುವುದರ ಬಹುಪಾಲು ಈ ಬಿಚ್ಚಿ ಜೋಡಿಸುವ ಸಲುಗೆಯೇ ಆಗಿತ್ತು. ಸ್ವಂತ ಕೈಯಿಂದ ಸರಿಮಾಡಿದ್ದನ್ನು ಮನುಷ್ಯ ಸುಲಭವಾಗಿ ಮರೆಯುವುದಿಲ್ಲ.

ಆ ಎಂಜಿನ್ನನ್ನು ಮುಗಿಸಿದ್ದು ಒಂದೇ ಕಾರಣವಲ್ಲ. 1980ರ ದಶಕದ ನಡುವಿನಲ್ಲಿ ಜಪಾನಿನ ಜೊತೆಗಾರಿಕೆಯ 100 ಸಿಸಿ ಗಾಡಿಗಳು ಬಂದವು. ನಾಲ್ಕು ಸ್ಟ್ರೋಕಿನ ಹೀರೋ ಹೋಂಡಾ ಒಂದು ಲೀಟರಿಗೆ ಓಡುತ್ತಿದ್ದ ದೂರದ ಮುಂದೆ ಯೆಜ್ಡಿಯ ಲೆಕ್ಕ ಸಂಸಾರಸ್ಥರಿಗೆ ಕೂಡಿಬರುವಂತಿರಲಿಲ್ಲ. 1990ರ ದಶಕದಲ್ಲಿ ಹೊಗೆಯ ಮಿತಿಯ ನಿಯಮಗಳು ಬಿಗಿಯಾದವು. ಎಣ್ಣೆ ಸುಡುವ ಎಂಜಿನ್ ಆ ಮಿತಿಯೊಳಗೆ ಇರುವುದು ದುಬಾರಿಯ ಕೆಲಸ. ಕಾರ್ಖಾನೆ ಮುಚ್ಚಿತು, ಕಂಪನಿ ಕೊನೆಗೆ ನ್ಯಾಯಾಲಯದ ಸಮಾಪನಾಧಿಕಾರಿಯ ವಶಕ್ಕೆ ಹೋಯಿತು.

ಮುಂದಿನ ಇಪ್ಪತ್ತೆರಡು ವರ್ಷ ಆ ಹೆಸರನ್ನು ಉಳಿಸಿದ್ದು ಯಾವ ಕಂಪನಿಯೂ ಅಲ್ಲ. ಮೈಸೂರು, ಬೆಂಗಳೂರು, ಪುಣೆಗಳಂಥ ಊರುಗಳ ಗ್ಯಾರೇಜುಗಳು, ಬಿಡಿಭಾಗದ ಅಂಗಡಿಗಳು, ಗಾಡಿ ಮಾರದೆ ಇಟ್ಟುಕೊಂಡವರ ಸಂಘಗಳು ಉಳಿಸಿದವು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಅವರೆಲ್ಲ ಗಾಡಿ ತೆಗೆದುಕೊಂಡು ಒಂದೆಡೆ ಸೇರುವ ರೂಢಿ ಬೆಳೆಯಿತು. ಹಾಗಾಗಿ 2018ರ ಹೊತ್ತಿಗೆ ಜಾವಾ ಎಂಬ ಹೆಸರಿಗೆ ಗಿರಾಕಿಗಳು ಎರಡು ಬಗೆ. ಅದನ್ನು ಓಡಿಸಿದವರು ಒಂದು, ಅಪ್ಪನೋ ಮಾವನೋ ಓಡಿಸಿದ ಕಥೆ ಕೇಳಿದವರು ಇನ್ನೊಂದು. ಮೊದಲನೆಯವರಿಗೆ ಗಾಡಿಯ ಒಳಗು ಗೊತ್ತು. ಎರಡನೆಯವರಿಗೆ ಹೊರಗಿನ ಫೋಟೊ ಗೊತ್ತು. ಹೊಸ ಗಾಡಿ ಕೊಳ್ಳುವ ದುಡ್ಡು ಹೆಚ್ಚಾಗಿ ಎರಡನೆಯವರ ಜೇಬಿನಲ್ಲಿತ್ತು. ವೇಷ ಕಟ್ಟುವ ಆಸೆ ಹುಟ್ಟುವುದೇ ಇಂಥ ಕಡೆ.

ಈ ಕಥೆಯನ್ನು ಚೆನ್ನೈನ ರಾಯಲ್ ಎನ್‌ಫೀಲ್ಡ್ ಪಕ್ಕದಲ್ಲಿಟ್ಟು ನೋಡದೆ ಹೋದರೆ ಅರ್ಧ ಮಾತ್ರ ಅರ್ಥವಾಗುತ್ತದೆ. 2000ದ ಸುಮಾರಿಗೆ ಆ ಕಂಪನಿಯೂ ಮುಚ್ಚುವ ಅಂಚಿನಲ್ಲಿತ್ತು. ಬುಲೆಟ್‌ನ ಎರಕದ ಕಬ್ಬಿಣದ ಎಂಜಿನ್ ಎಣ್ಣೆ ಸೋರುತ್ತಿತ್ತು, ಗೇರ್ ಬಲಗಾಲಿಗೆ ಮತ್ತು ಬ್ರೇಕ್ ಎಡಗಾಲಿಗೆ ಇತ್ತು. ಬೇರೆ ಗಾಡಿ ಕಲಿತವರು ಅದನ್ನು ಹತ್ತಿದರೆ ಬ್ರೇಕ್ ಎಂದು ಗೇರ್ ತುಳಿಯುತ್ತಿದ್ದರು. ಹಳೆಯ ಭಕ್ತರಿಗೆ ಇವೆಲ್ಲ ಬುಲೆಟ್‌ನ ಗುಣಗಳೇ. ಹೊಣೆ ಹೊತ್ತ ಸಿದ್ಧಾರ್ಥ ಲಾಲ್ ಮತ್ತು ಅವರ ಎಂಜಿನಿಯರುಗಳು ಗೇರನ್ನು ಎಡಕ್ಕೆ ತಂದರು, ಬೇರೆಬೇರೆಯಾಗಿದ್ದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಂದೇ ಗೂಡಿನಲ್ಲಿ ಸೇರಿಸಿದರು, ಎರಕದ ಕಬ್ಬಿಣದ ಜಾಗಕ್ಕೆ ಅಲ್ಯೂಮಿನಿಯಂ ತಂದರು. 2009ರ ಕ್ಲಾಸಿಕ್ ಈ ಹೊಸ ಎಂಜಿನ್ನಿನ ಮೇಲೆ ಬಂತು.

ಇಷ್ಟೆಲ್ಲ ಬದಲಾಯಿಸಿದವರು ಒಂದನ್ನು ಮಾತ್ರ ಮುಟ್ಟಲಿಲ್ಲ. ಹಳೆಯ 350ರ ಸಿಲಿಂಡರಿನ ಅಡ್ಡಳತೆ 70 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 90 ಮಿಲಿಮೀಟರ್. ಹೊಸ ಎಂಜಿನ್ನಿನಲ್ಲೂ ಅವೇ 70 ಮತ್ತು 90. ಉದ್ದ ಓಡಾಟದ ಒಂದೇ ಪಿಸ್ಟನ್, ಭಾರದ ಗಾಲಿಚಕ್ರ, ನಿಧಾನದ ಸುತ್ತು: ಬುಲೆಟ್‌ನ ಗುಡುಗು ಹುಟ್ಟುವುದು ಇದರಿಂದ, ಎಣ್ಣೆ ಸೋರುವುದರಿಂದ ಅಲ್ಲ. ಜನ ಪ್ರೀತಿಸಿದ್ದಕ್ಕೆ ಕಾರಣವಾದದ್ದು ಯಾವುದು, ಜನ ಸಹಿಸಿಕೊಂಡದ್ದು ಯಾವುದು ಎಂದು ಅವರು ಬೇರ್ಪಡಿಸಿದರು. ಹಾಗೆ ನೋಡಿದರೆ ಆ ಎರಡು ಸಂಖ್ಯೆಗಳು ಟ್ಯಾಂಕಿನ ಬಣ್ಣಕ್ಕಿಂತ ದೊಡ್ಡ ಪರಂಪರೆ.

ಜಾವಾಕ್ಕೆ ಈ ಅದೃಷ್ಟವಿರಲಿಲ್ಲ. ಅದರ ಸದ್ದಿನ ಮೂಲವೇ ಟೂ ಸ್ಟ್ರೋಕ್. 2018ರ ಹೊಗೆ ನಿಯಮಗಳ ಕೆಳಗೆ ಅಂಥ ಬೈಕನ್ನು ಕಡಿಮೆ ಬೆಲೆಗೆ ಮಾಡಿ ಮಾರುವುದು ಆಗದ ಮಾತು. ಮಹೀಂದ್ರಾ ಕಂಪನಿ, ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಸೇರಿ ಕಟ್ಟಿದ ಕ್ಲಾಸಿಕ್ ಲೆಜೆಂಡ್ಸ್, ಜಾವಾ ಹೆಸರಿನ ಪರವಾನಗಿಯನ್ನು ಜೆಕ್ ಕಂಪನಿಯಿಂದ ಪಡೆದು, ಮಧ್ಯಪ್ರದೇಶದ ಪೀಥಂಪುರದಲ್ಲಿ ಗಾಡಿ ತಯಾರಿಸಿತು. ಎಂಜಿನ್ 293 ಸಿಸಿ, ನಾಲ್ಕು ಸ್ಟ್ರೋಕ್, ನೀರಿನಿಂದ ತಣಿಯುವಂಥದ್ದು, ಆರು ಗೇರು, ಸುಮಾರು 27 ಅಶ್ವಶಕ್ತಿ. ಹಳೆಯದರಲ್ಲಿ ಇದರ ಅರ್ಧದಷ್ಟೂ ಇರಲಿಲ್ಲ. ಅಂದರೆ ಬುಲೆಟ್‌ನಲ್ಲಿ ಉಳಿದ ಆ 70 ಮತ್ತು 90ರಂಥ ಎಳೆ ಇಲ್ಲಿ ಒಂದೂ ಇಲ್ಲ. ಹೊರಗಿನ ರೂಪ ಹಳೆಯದು, ಒಳಗಿನದು ಪೂರ್ತಿ ಹೊಸದು.

ಹಾಗಿದ್ದ ಮೇಲೆ ಹಳೆಯ ರೂಪದ ಒಂದೊಂದು ಭಾಗಕ್ಕೂ ಹೊಸ ಕಾರಣ ಹುಡುಕಬೇಕಾಯಿತು. ಕೆಲವಕ್ಕೆ ಸಿಕ್ಕಿತು. ಹೆಡ್‌ಲೈಟಿನ ಗೂಡಿನಲ್ಲೇ ಸ್ಪೀಡೋಮೀಟರ್ ಕೂರಿಸುವುದು ಇಂದಿಗೂ ಉಪಯೋಗವೇ, ಕಣ್ಣಿಗೆ ನೇರ ಕಾಣುತ್ತದೆ. ಅಗಲವಾದ ಚಪ್ಪಟೆ ಸೀಟು ಇಬ್ಬರಿಗೆ ಹಿತ. ಕೆಲವಕ್ಕೆ ಸಿಗಲಿಲ್ಲ. ಸಿಲಿಂಡರಿನ ಸುತ್ತ ತೆಳ್ಳಗಿನ ಲೋಹದ ರೆಕ್ಕೆಗಳಿವೆಯಲ್ಲ, ಹಳೆಯ ಎಂಜಿನ್ ಗಾಳಿಗೆ ತಣಿಯಲು ಅವು ಬೇಕೇ ಬೇಕಿದ್ದವು. ಹೊಸದರಲ್ಲಿ ತಣಿಸುವ ಕೆಲಸ ನೀರಿನದು. ರೇಡಿಯೇಟರನ್ನು ಮುಂದಿನ ಎರಡು ಕಂಬಿಗಳ ನಡುವೆ ಕಣ್ಣಿಗೆ ಬೀಳದಂತೆ ಕಪ್ಪಾಗಿ ಕೂರಿಸಿ, ಸಿಲಿಂಡರಿಗೆ ರೆಕ್ಕೆಗಳನ್ನು ಉಳಿಸಿದ್ದಾರೆ. ನಿಜವಾಗಿ ಕೆಲಸ ಮಾಡುವುದನ್ನು ಮರೆಮಾಡಿ, ಕೆಲಸ ಕಳೆದುಕೊಂಡದ್ದನ್ನು ಮೆರೆಸುವುದು ವೇಷದ ಸರಳ ಗುರುತು. ಇಲ್ಲಿ ಆಗಿರುವುದು ಅದೇ.

ಎರಡು ಸೈಲೆನ್ಸರಿನದು ಇಷ್ಟು ಸುಲಭದ ತೀರ್ಪಲ್ಲ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿಗೆ ಒಂದೇ ಕೊಳವೆ ಸಾಕು. ಎರಡು ಹಾಕಿದರೆ ತೂಕ ಹೆಚ್ಚು, ಖರ್ಚು ಹೆಚ್ಚು. 2020ರಲ್ಲಿ ಬಿಎಸ್ 6 ನಿಯಮ ಬಂದಾಗ ಈ ಖರ್ಚು ಮತ್ತಷ್ಟು ಕುತ್ತಿಗೆಗೆ ಬಂತು. ಹೊರಹೋಗುವ ಹೊಗೆಯ ದಾರಿಯಲ್ಲಿ ಅದನ್ನು ಶುದ್ಧಿಮಾಡುವ ಸಾಧನ, ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಸಾಧನ ಎರಡೂ ಬೇಕು. ದಾರಿ ಎರಡಾದರೆ ಲೆಕ್ಕವೂ ತೊಡಕು. ಒಂದು ಕೊಳವೆ ಬಿಟ್ಟುಬಿಡುವುದು ಎಂಜಿನಿಯರಿಗೆ ಸುಲಭದ ದಾರಿಯಾಗಿತ್ತು. ಅವರು ಕ್ರಾಸ್ ಪೋರ್ಟ್ ಎಂದು ಹೆಸರಿಟ್ಟ ಹೊಸ ಜೋಡಣೆ ಮಾಡಿ ಎರಡನ್ನೂ ಉಳಿಸಿದರು. ಎರಡರಲ್ಲೊಂದನ್ನು ಒಳಗೆ ಮುಚ್ಚಿ ಬರೀ ತೋರಿಕೆಗೆ ನೇತುಹಾಕಿದ್ದರೆ ಅದು ಶುದ್ಧ ಬೊಂಬೆ ಕೆಲಸವಾಗುತ್ತಿತ್ತು. ಹಾಗೆ ಮಾಡಲಿಲ್ಲ. ಎರಡರಲ್ಲೂ ಹೊಗೆ ಬರುತ್ತದೆ. ಹಳೆಯ ರೂಪಕ್ಕೆ ಹಳೆಯ ಕಾರಣ ಉಳಿಯದಿದ್ದರೂ ಅದಕ್ಕಾಗಿ ನಿಜವಾದ ಕೆಲಸ ಮಾಡಿದರು ಎನ್ನುವಷ್ಟು ಮನ್ನಣೆ ಅವರಿಗೆ ಸಲ್ಲಬೇಕು. ಆದರೂ ಆ ಕೆಲಸದಿಂದ ಓಡಿಸುವವನಿಗೆ ಸಿಕ್ಕಿದ್ದು ನೋಟ ಮಾತ್ರ.

ಇವೆಲ್ಲಕ್ಕಿಂತ ದೊಡ್ಡ ಬಿರುಕು ಬೇರೆ ಕಡೆ ಇತ್ತು, ಫೋಟೊದಲ್ಲಿ ಕಾಣುವಂಥದ್ದಲ್ಲ. ಕಂದುಗೆಂಪು ಬಣ್ಣ, ಹೊಳೆಯುವ ಟ್ಯಾಂಕು, ಚಿನ್ನದ ಗೆರೆ, ನೆಟ್ಟಗೆ ಕೂರುವ ಭಂಗಿ: ನೋಡಿದರೆ ಗಾಡಿ ನಿಧಾನಕ್ಕೆ, ನೆಮ್ಮದಿಯಾಗಿ ಹೋಗೋಣ ಎನ್ನುತ್ತದೆ. ಎಂಜಿನ್ ಮಾತ್ರ ಸುತ್ತು ಏರಿಸಿದಷ್ಟೂ ಖುಷಿಪಡುವ, ಮಹೀಂದ್ರಾದ ಮೋಜೊ ಎಂಬ ದೂರ ಓಟದ ಗಾಡಿಯ ವಂಶದ್ದು. ಊರೊಳಗೆ ಮೂರನೆಯ ಗೇರಿನಲ್ಲಿ ಮೆಲ್ಲಗೆ ಹೋಗುತ್ತಿದ್ದು ಥ್ರಾಟಲ್ ತಿರುವಿದಾಗ ಕೆಳಗಿನಿಂದಲೇ ಎಳೆತ ಬರಬೇಕು ಎಂದು ಮೈಕಟ್ಟು ಭರವಸೆ ಕೊಡುತ್ತದೆ. ಗೇರ್ ಇಳಿಸು ಎಂದು ಎಂಜಿನ್ ಹೇಳುತ್ತದೆ. ರೂಪಕ್ಕೂ ಗುಣಕ್ಕೂ ಹೀಗೆ ಹೊಂದಿಕೆ ತಪ್ಪಿದ್ದನ್ನು ಅಂಗಡಿಯಲ್ಲಿ ನೋಡಿ ಪತ್ತೆಮಾಡಲಾಗದು, ಒಂದು ತಿಂಗಳು ಓಡಿಸಿದರೆ ತಿಳಿಯುತ್ತದೆ.

ಕಂಪನಿಗೂ ಇದು ತಿಳಿದಿರಬೇಕು. 2024ರ ಆರಂಭದಲ್ಲಿ ಈ ಗಾಡಿಯ ಜಾಗಕ್ಕೆ ಬಂದ ಜಾವಾ 350ರಲ್ಲಿ ಎಂಜಿನ್ 334 ಸಿಸಿಗೆ ದೊಡ್ಡದಾಯಿತು. ಶಕ್ತಿ ಮಾತ್ರ 27ರಿಂದ ಸುಮಾರು 22.5 ಅಶ್ವಶಕ್ತಿಗೆ ಇಳಿಯಿತು. ಮೋಟರ್‌ಸೈಕಲ್ ಮಾರುವವರು ಹೊಸ ಮಾದರಿಯಲ್ಲಿ ಶಕ್ತಿ ಕಡಿಮೆಮಾಡುವುದು ಅಪರೂಪ, ಜಾಹೀರಾತಿನಲ್ಲಿ ಅದು ಸೋಲಿನಂತೆ ಕಾಣುತ್ತದೆ. ಆದರೆ ಕೆಳಸುತ್ತಿನ ಎಳೆತಕ್ಕೆ ಒತ್ತುಕೊಟ್ಟ ಈ ಬದಲಾವಣೆಯಿಂದ ಗಾಡಿಯ ನಡೆ ಅದರ ನೋಟಕ್ಕೆ ಹತ್ತಿರ ಬಂತು. ಮೈಸೂರಿನ ಜಾವಾವನ್ನು ಗೌರವಿಸಿದ ಕೆಲಸ ಎಂದು ಒಂದನ್ನು ಎತ್ತಿ ತೋರಿಸಬೇಕಾದರೆ ಎರಡು ಸೈಲೆನ್ಸರಿಗಿಂತ ಈ ನಾಲ್ಕೂವರೆ ಅಶ್ವಶಕ್ತಿಯ ಕಡಿತವನ್ನೇ ತೋರಿಸಬೇಕು.

ಇನ್ನೊಂದು ದಾರಿಯನ್ನೂ ಅವರು ಮೊದಲ ದಿನವೇ ತೆರೆದಿದ್ದರು. ಜಾವಾ ಜೊತೆಗೇ ಬಂದ ಫಾರ್ಟಿ ಟೂ ಎಂಬ ಮಾದರಿಯಲ್ಲಿ ಅದೇ ಎಂಜಿನ್, ಅದೇ ಚೌಕಟ್ಟು. ಕ್ರೋಮಿನ ಹೊಳಪು ಕಡಿಮೆ, ಬಣ್ಣಗಳು ಇವತ್ತಿನವು, ಬೆಲೆಯೂ ಸುಮಾರು ಒಂಬತ್ತು ಸಾವಿರ ರೂಪಾಯಿ ಕಡಿಮೆ. ಅಪ್ಪನ ಗಾಡಿಯ ಕಥೆಯೇ ಇಲ್ಲದ ಮನೆಯ ಹುಡುಗಿಯೋ ಹುಡುಗನೋ ಅದನ್ನು ಕೊಂಡರೆ, ಹಳೆಯದರ ಪ್ರತಿಯನ್ನು ಕೊಂಡಂತಾಗುವುದಿಲ್ಲ. ಟ್ಯಾಂಕಿನ ಗುಂಡುತನ, ಹೆಡ್‌ಲೈಟಿನ ದುಂಡು ಅಷ್ಟೇ ವಂಶದ ಗುರುತಾಗಿ ಉಳಿಯುತ್ತದೆ. ಮುಂದೆ ಕಂಪನಿ ಬೆಳೆಸಿದ್ದೂ ಬಹುಪಾಲು ಈ ಕವಲನ್ನೇ.

ಮಾರಾಟದಲ್ಲಿ ಎಡವಿದ್ದು ಮಾತ್ರ ತೀರ ಸಾಮಾನ್ಯ ಕಾರಣಕ್ಕೆ. 2018ರ ನವೆಂಬರಿನಲ್ಲಿ ಬುಕಿಂಗ್ ಶುರುವಾಯಿತು, ಗಾಡಿಗಳು ಕೈಗೆ ಬರಲು ಶುರುವಾದದ್ದು 2019ರ ಮಾರ್ಚ್ ಕೊನೆಗೆ. ಬೇಡಿಕೆಗೆ ತಕ್ಕಷ್ಟು ತಯಾರಾಗದೆ ಬಹಳ ಜನ ತಿಂಗಳುಗಟ್ಟಲೆ ಕಾದರು. ನೆನಪಿನ ಮೇಲೆ ಬುಕಿಂಗ್ ಬರುತ್ತದೆ, ಎರಡನೆಯ ಸರ್ವಿಸಿನ ಹೊತ್ತಿಗೆ ನೆನಪಿನ ಸಾಲ ತೀರಿರುತ್ತದೆ. ಆಗ ಬೇಕಾದದ್ದು ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ಲು, ಊರಿನಲ್ಲೊಂದು ಸರ್ವಿಸ್ ಸೆಂಟರು. ಹಳೆಯ ಗಾಡಿಯ ಮೇಲೆ ಅಭಿಮಾನ ಬೆಳೆದದ್ದು ಬೀದಿಯ ಮೆಕ್ಯಾನಿಕ್ ಅದನ್ನು ಬಲ್ಲವನಾಗಿದ್ದ ಎಂಬ ಕಾರಣಕ್ಕೆ. ಹೊಸದರ ಇಂಧನ ವ್ಯವಸ್ಥೆ ಕಂಪ್ಯೂಟರಿನ ಕೈಯಲ್ಲಿದೆ, ಅದರ ತಪ್ಪನ್ನು ಓದಲು ಯಂತ್ರ ಬೇಕು. ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಬೇಕೆನ್ನುವವರು ಇದನ್ನು ಬೇಡವೆನ್ನಲಾಗದು. ಆದರೆ ಬೀದಿಯ ಮೆಕ್ಯಾನಿಕ್ ಬಿಟ್ಟುಹೋದ ಜಾಗವನ್ನು ಕಂಪನಿಯೇ ತುಂಬಬೇಕಾಗುತ್ತದೆ, ಅದಕ್ಕೆ ಚಿನ್ನದ ಗೆರೆ ಎಳೆಯುವುದಕ್ಕಿಂತ ಹೆಚ್ಚು ದುಡ್ಡು ಬೇಕು.

2022ರ ಜನವರಿಯಲ್ಲಿ ಅದೇ ಕಂಪನಿ ಯೆಜ್ಡಿ ಹೆಸರನ್ನೂ ಮರಳಿ ತಂದಿತು. ಈ ಬಾರಿ ಹಳೆಯ ರೋಡ್‌ಕಿಂಗಿನ ಅಚ್ಚು ತೆಗೆಯುವ ಗೋಜಿಗೆ ಹೋಗದೆ, ಬೆಟ್ಟಗುಡ್ಡದ ದೂರ ಪ್ರಯಾಣಕ್ಕೆಂದು ಅಡ್ವೆಂಚರ್, ಮಣ್ಣಿನ ದಾರಿಗೆಂದು ಸ್ಕ್ರ್ಯಾಂಬ್ಲರ್, ದಿನದ ಓಡಾಟಕ್ಕೆಂದು ರೋಡ್‌ಸ್ಟರ್ ಎಂದು ಮೂರು ಮಾದರಿ ಮಾಡಿದರು. ಹೆಸರು ಹಳೆಯದು, ಉಪಯೋಗ ಹೊಸದು. ಜಾವಾದಿಂದ ಕಲಿತ ಪಾಠ ಇಲ್ಲಿ ಕಾಣುತ್ತದೆ.

ಆದರೆ ಈ ಹೆಸರಿನ ಬೆನ್ನಿಗೆ ಮೈಸೂರಿನ ಹಳೆಯ ಲೆಕ್ಕವೊಂದು ಅಂಟಿಕೊಂಡಿತ್ತು. ಜಾವಾ ಹೆಸರಿಗೆ ಜೆಕ್ ಮಾಲೀಕರಿದ್ದರು. ಯೆಜ್ಡಿ ಹುಟ್ಟಿದ್ದು ಐಡಿಯಲ್ ಜಾವಾದಲ್ಲಿ, ಆ ಕಂಪನಿ ಸಮಾಪನದಲ್ಲಿತ್ತು. ಮುಳುಗಿದ ಕಂಪನಿಯ ಆಸ್ತಿಯಿಂದಲೇ ಸಾಲಗಾರರಿಗೂ ಕಾರ್ಮಿಕರಿಗೂ ಬಾಕಿ ಸಲ್ಲಬೇಕು. ಹಾಗಾದರೆ ಹೆಸರೂ ಆಸ್ತಿಯೇ? ಕಂಪನಿ ಅದನ್ನು ಎಂದೋ ಕೈಬಿಟ್ಟಿದೆ, ನೋಂದಣಿ ತಪ್ಪಿಹೋಗಿದೆ ಎಂಬುದು ಹೆಸರನ್ನು ಹೊಸದಾಗಿ ನೋಂದಾಯಿಸಿಕೊಂಡವರ ವಾದ. ಅದು ಇನ್ನೂ ಕಂಪನಿಯದೇ ಎಂಬುದು ಸಮಾಪನಾಧಿಕಾರಿಯ ವಾದ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಹೆಸರು ಐಡಿಯಲ್ ಜಾವಾದ್ದು ಎಂದಿತು. ಮೇಲ್ಮನವಿ ಹೋಯಿತು, 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿ ಬೊಮನ್ ಇರಾನಿಯವರ ಪರ ನಿಂತಿತು.

ಮೊಕದ್ದಮೆ ಹೂಡುವಷ್ಟು ಬೆಲೆ ಆ ಹೆಸರಿಗೆ 1996ರಲ್ಲಿ ಇರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಮಸಿ ಕೆರೆದು, ಪಿಸ್ಟನ್ ಹುಡುಕಿ ತಂದು, ಜುಲೈ ತಿಂಗಳ ಭಾನುವಾರಗಳಂದು ಹೊಗೆಬಿಡುತ್ತ ಹೊರಟವರು ಅದರ ಬೆಲೆಯನ್ನು ಉಳಿಸಿದ್ದರು. ವ್ಯಾಜ್ಯದಲ್ಲಿ ಅವರು ಯಾವ ಪಕ್ಷಕ್ಕೂ ಸೇರಿರಲಿಲ್ಲ. ಅವರ ಗಾಡಿಗಳಲ್ಲಿ ಎಷ್ಟೋ ಇನ್ನೂ ಓಡುತ್ತಿವೆ, ಲೀಟರಿಗಿಷ್ಟು ಎಂದು ಅಳೆದು ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಂಡೇ.